ಹಳೆಯ ಕಾರ್ಬುರೇಟರ್ ಬೈಕು ಮತ್ತು ಇ20 ಪೆಟ್ರೋಲು: ಮೈಲೇಜು ಏಳು ಕಿಲೋಮೀಟರ್ ಇಳಿದದ್ದಕ್ಕೆ ಎಥನಾಲ್ ಒಂದೇ ಕಾರಣವೇ?

ಅಘನಾಶಿನಿ ದಡ, ಕುಮಟಾ

ನಮ್ಮ ತಂದೆಯವರು 2004ರಲ್ಲಿ ಕೊಂಡ 100 ಸಿಸಿ ಬೈಕನ್ನು ಈಗ ನಾನು ಓಡಿಸುತ್ತಿದ್ದೇನೆ. ನಾಲ್ಕು ಸ್ಟ್ರೋಕಿನ ಎಂಜಿನ್, ಸಾದಾ ಕಾರ್ಬುರೇಟರ್. ಈ ವರ್ಷ ಜೂನ್ ಮೊದಲ ವಾರದಿಂದ ಚೌತಿ ಹಬ್ಬದವರೆಗೆ ಅದು ಜಗುಲಿಯ ಪಕ್ಕದ ಮಾಡಿನಡಿ ನಿಂತೇ ಇತ್ತು. ಹಬ್ಬ ಮುಗಿಸಿ ಹೊರಗೆ ತೆಗೆದಾಗಿನಿಂದ ಮೂರು ತೊಂದರೆಗಳು ಕಾಣಿಸುತ್ತಿವೆ. ಬೆಳಿಗ್ಗೆ ಬಾಗಿಲು ತೆರೆದರೆ ಜಗುಲಿಯೆಲ್ಲ ಪೆಟ್ರೋಲಿನ ವಾಸನೆ. ಸ್ಲೋದಲ್ಲಿ ಎಂಜಿನ್ ನಿಲ್ಲುವುದಿಲ್ಲ. ರಿಸರ್ವಿಗೆ ತಿರುಗಿಸಿದರೆ ನೂರು ಮಾರು ಹೋಗುವುದರೊಳಗೆ ಕೆಮ್ಮಿ ಬಂದ್ ಆಗುತ್ತದೆ.

ತಂದೆಯವರಿಗೆ ಪ್ರತಿ ಸಲ ಟ್ಯಾಂಕು ತುಂಬಿಸಿ ಪಟ್ಟಿಯಲ್ಲಿ ಬರೆದಿಡುವ ಅಭ್ಯಾಸವಿತ್ತು. 2022ರ ದೀಪಾವಳಿಯ ಸುಮಾರಿಗೆ ಲೀಟರಿಗೆ 62 ಕಿಲೋಮೀಟರ್ ಬಂದದ್ದನ್ನು ಅವರು ಬರೆದಿದ್ದಾರೆ. ಅದೇ ಕ್ರಮದಲ್ಲಿ ನಾನು ಅಳೆದಾಗ ಹತ್ತು ದಿನಗಳಲ್ಲಿ 280 ಕಿಲೋಮೀಟರ್ ಓಡಿ 5.1 ಲೀಟರ್ ಹಿಡಿಯಿತು, ಅಂದರೆ 55ಕ್ಕೆ ಇಳಿದಿದೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನಲ್ಲಿ ನೀರು ಸೇರಿದೆ, ಟ್ಯಾಂಕು ಇಳಿಸಿ ತೊಳೆಯಬೇಕು ಎನ್ನುತ್ತಾರೆ. ನಮ್ಮ ಭಾವನವರು ಇದೆಲ್ಲ ಎಥನಾಲಿನ ಪ್ರಸಾದ ಎನ್ನುತ್ತಾರೆ. ಯಾರ ಮಾತು ಸರಿ ಎಂದು ಕಂಡುಕೊಳ್ಳುವುದು ಹೇಗೆ?

ಕಾಳಿ ಸೇತುವೆ, ಕಾರವಾರ

ಭಾವನವರ ಮಾತೇ ಸರಿ. ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿ ಇರುವ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಿರುವಾಗ ಮೈಲೇಜು ಮೂವತ್ತು ಪ್ರತಿಶತ ಇಳಿದರೂ ಆಶ್ಚರ್ಯವಿಲ್ಲ, ನಿಮ್ಮದು ಕಡಿಮೆಯೇ ಆಯಿತು. 95 ಆಕ್ಟೇನಿನ ದುಬಾರಿ ಪೆಟ್ರೋಲು ಹಾಕಿಸಿ ನೋಡಿ, ಅದರಲ್ಲಿ ಎಥನಾಲ್ ಇರುವುದಿಲ್ಲ.

ತೋಟದ ಮಾಣಿ, ಸಿದ್ದಾಪುರ

ನಮ್ಮ ಮನೆಯ ಕಳೆ ಕೊಚ್ಚುವ ಮಷೀನಿಗೂ ಇದೇ ಗತಿಯಾಗಿದೆ. ಎರಡು ಸ್ಟ್ರೋಕಿನ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವುದು. ಮಳೆಗಾಲದ ಮೊದಲು ಬೆರೆಸಿಟ್ಟ ಎರಡು ಲೀಟರ್ ಕ್ಯಾನಿನಲ್ಲಿ ಉಳಿದಿತ್ತು. ಅದನ್ನೇ ಹಾಕಿ ಅಡಿಕೆ ತೋಟದ ಒಂದು ಬಣ್ಣ ಮುಗಿಸುವುದರೊಳಗೆ ಪಿಸ್ಟನ್ ಹಿಡಿದುಕೊಂಡಿತು. ರಿಪೇರಿಗೆ ಹೊಸ ಮಷೀನಿನ ಅರ್ಧ ಬೆಲೆ ಕೇಳುತ್ತಿದ್ದಾರೆ. ಇದಕ್ಕೂ ಎಥನಾಲೇ ಕಾರಣವಿರಬಹುದೇ?

ಹಳೇ ಗ್ಯಾರೇಜು, ಶಿರಸಿ

ಮೊದಲು ಕುಮಟೆಯವರ ಲೆಕ್ಕವನ್ನು ನೋಡೋಣ. ಕಾರವಾರದವರು ಹೇಳಿದ ಮೂರನೇ ಒಂದು ಪಾಲು ನಿಜ, ಆದರೆ ಅದು ಶುದ್ಧ ಎಥನಾಲಿನ ಮಾತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್, ಒಂದು ಲೀಟರ್ ಎಥನಾಲಿನಲ್ಲಿ ಸುಮಾರು 21 ಮೆಗಾಜೂಲ್ ಶಕ್ತಿಯಿದೆ. ಇ20ರಲ್ಲಿ ಎಥನಾಲಿನ ಪಾಲು ಐದರಲ್ಲಿ ಒಂದೇ ಆದ್ದರಿಂದ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಕೊರತೆ ಸುಮಾರು ಏಳು ಪ್ರತಿಶತವಾಗುತ್ತದೆ. ಅದೂ ನಿಮ್ಮ ತಂದೆಯವರು 2022ರ ದೀಪಾವಳಿಯಲ್ಲಿ ಹಾಕಿಸಿದ್ದು ಶುದ್ಧ ಪೆಟ್ರೋಲಲ್ಲ. ದೇಶದಲ್ಲಿ ಹತ್ತು ಪ್ರತಿಶತ ಮಿಶ್ರಣದ ಗುರಿ ಆ ವರ್ಷದ ಜೂನ್ ತಿಂಗಳಿಗೇ ಮುಟ್ಟಿತ್ತು. ಹತ್ತರಿಂದ ಇಪ್ಪತ್ತಕ್ಕೆ ಹೋದಾಗ ಶಕ್ತಿಯ ಇಳಿಕೆ ಸುಮಾರು ಮೂರೂವರೆ ಪ್ರತಿಶತ. ನೀತಿ ಆಯೋಗದ 2021ರ ವರದಿಯಲ್ಲೂ, ಎಥನಾಲ್ ಇಲ್ಲದ ಪೆಟ್ರೋಲಿಗೆಂದು ತಯಾರಾಗಿ ಹತ್ತು ಪ್ರತಿಶತಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ಇ20ರಿಂದ ಮೂರು-ನಾಲ್ಕು ಪ್ರತಿಶತ ಮೈಲೇಜು ಇಳಿಯುತ್ತದೆ ಎಂದೇ ಅಂದಾಜಿಸಿದ್ದಾರೆ.

ಹಾಗಾದರೆ 62 ಇದ್ದದ್ದು 60ರ ಹತ್ತಿರ ನಿಲ್ಲಬೇಕಿತ್ತು. ನಿಮ್ಮದು 55ಕ್ಕೆ ಬಂದಿದೆ. ಉಳಿದ ಐದು ಕಿಲೋಮೀಟರ್ ಎಲ್ಲಿಗೆ ಹೋಯಿತು ಎಂಬುದೇ ಇಲ್ಲಿರುವ ಪ್ರಶ್ನೆ. ಬೆಳಗಿನ ಆ ವಾಸನೆ ನನ್ನ ಅನುಮಾನವನ್ನು ಹೆಚ್ಚಿಸಿದೆ.

ಬಿಚ್ಚುವ ಮೊದಲು ಮೂರು ಕೆಲಸ ಮಾಡಿ. ಒಂದು, ರಾತ್ರಿ ಎಂದಿನಂತೆ ಕಾಕ್ ತೆರೆದಿಟ್ಟೇ ನಿಲ್ಲಿಸಿ, ಕಾರ್ಬುರೇಟರಿನ ಬಟ್ಟಲಿನಿಂದ ಕೆಳಗೆ ಇಳಿಬಿಟ್ಟಿರುವ ಓವರ್‌ಫ್ಲೋ ಪೈಪಿನ ತುದಿಗೆ ಒಂದು ಸಣ್ಣ ಗಾಜಿನ ಸೀಸೆಯನ್ನು ಕಟ್ಟಿಡಿ. ಬಚ್ಚಲ ಒಲೆ ಇರುವ ಕಡೆ ಇದನ್ನು ಮಾಡಬೇಡಿ, ಅಂಗಳದಲ್ಲಿ ಮಾಡಿ. ಎರಡು, ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಅದರಲ್ಲಿರುವುದನ್ನು ಒಂದು ಸೀಸೆಗೂ, ಟ್ಯಾಂಕಿನ ತಳದಲ್ಲಿರುವುದನ್ನು ರಿಸರ್ವ್ ಕಾಕಿನಿಂದ ಇನ್ನೊಂದು ಸೀಸೆಗೂ ಇಳಿಸಿ, ಅರ್ಧ ಗಂಟೆ ಅಲುಗಾಡಿಸದೆ ಇಟ್ಟು ನೋಡಿ. ಎರಡು ಪದರ ಕಾಣುತ್ತದೆಯೇ ಎಂಬುದು ಮುಖ್ಯ. ಮೂರು, ಕಾಕಿನಿಂದ ಕಾರ್ಬುರೇಟರಿಗೆ ಬರುವ ಪೈಪನ್ನು ಕಳಚಿ, ಅದರ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ.

ಸಿದ್ದಾಪುರದ ಮಾಣಿಗೆ: ಕಾರಣ ಇರಬಹುದು, ಆದರೆ ದಾರಿ ಬೇರೆ. ಕ್ಯಾನಿನೊಳಗೆ ನೀರು ಹೆಚ್ಚಾಗಿ ಪದರ ಬೇರ್ಪಟ್ಟರೆ, ಕೆಳಗಿನ ನೀರು-ಎಥನಾಲಿನ ಪದರದಲ್ಲಿ ಆಯಿಲ್ ಇರುವುದಿಲ್ಲ, ಅದು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕೆಳಗಿನದು ಮೊದಲು ಎಂಜಿನಿಗೆ ಹೋದರೆ ಪಿಸ್ಟನ್ ಒಣಗಿದ ಸಿಲಿಂಡರಿನಲ್ಲಿ ಆಡಿದಂತಾಗುತ್ತದೆ. ಬೆರೆಸಿದ್ದನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ಉಳಿದದ್ದನ್ನು ಬೇರೆ ಚರ್ಚೆಯಲ್ಲಿ ಮಾತಾಡೋಣ.

ಕಾಳಿ ಸೇತುವೆ, ಕಾರವಾರ

ಶಕ್ತಿಯ ಲೆಕ್ಕದಲ್ಲಿ ನಾನು ತಪ್ಪಿದೆ, ಒಪ್ಪುತ್ತೇನೆ. 95 ಆಕ್ಟೇನಿನ ವಿಷಯ?

ಅರಬೈಲ್ ಘಟ್ಟ, ಯಲ್ಲಾಪುರ

ಅದನ್ನು ನಾನು ಹೇಳುತ್ತೇನೆ. ಆಕ್ಟೇನ್ ಸಂಖ್ಯೆ ಎಥನಾಲ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಎಥನಾಲ್ ಸೇರಿಸಿದರೆ ಆಕ್ಟೇನ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅನುಮಾನವಿದ್ದರೆ ಬಂಕಿನ ಬೋರ್ಡು ನೋಡುವುದಕ್ಕಿಂತ ಮನೆಯಲ್ಲೇ ನೀರಿನ ಪರೀಕ್ಷೆ ಮಾಡಿಕೊಳ್ಳುವುದು ಮೇಲು. ನೂರು ಎಂಎಲ್ ಗೆರೆಗಳಿರುವ ಗಾಜಿನ ಅಳತೆ ಜಾರಿಗೆ ಮೊದಲು 10 ಎಂಎಲ್ ನೀರು ಹಾಕಿ, ಆಮೇಲೆ 100ರ ಗೆರೆಯವರೆಗೆ ಪೆಟ್ರೋಲು ತುಂಬಿ, ಬಾಯಿ ಮುಚ್ಚಿ ಕುಲುಕಿ, ನಡುನಡುವೆ ಬಾಯಿ ಸಡಿಲಿಸಿ ಆವಿಯನ್ನು ಬಿಟ್ಟು, ಹತ್ತು ನಿಮಿಷ ಇಡಿ. ಎಥನಾಲ್ ನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ. ಎಥನಾಲ್ ಇಲ್ಲದಿದ್ದರೆ ಕೆಳಗಿನ ಪದರ ಹತ್ತರಲ್ಲೇ ನಿಲ್ಲುತ್ತದೆ; ಇ20 ಆದರೆ 27-28ರ ಹತ್ತಿರಕ್ಕೆ ಏರುತ್ತದೆ. ಇದು ಪ್ರಯೋಗಾಲಯದಷ್ಟು ನಿಖರವಲ್ಲ, ಒಂದೆರಡು ಎಂಎಲ್ ಆಚೀಚೆ ಆಗುತ್ತದೆ. ಹತ್ತೋ ಇಪ್ಪತ್ತೋ ಎಂಬುದನ್ನು ತಿಳಿಯುವುದಕ್ಕೆ ಅಷ್ಟು ಸಾಕು.

ಅಘನಾಶಿನಿ ದಡ, ಕುಮಟಾ

ಎಲ್ಲವನ್ನೂ ಮಾಡಿ ನೋಡಿದೆ. ತೋಟದ ಔಷಧಿ ಅಳೆಯುವ ಗಾಜಿನ ಜಾರಿನಲ್ಲಿ ಕೆಳಗಿನ ಪದರ 27ಕ್ಕೆ ನಿಂತಿತು, ಅಂದರೆ ನಾನು ಹಾಕಿಸುತ್ತಿರುವುದು ಇ20 ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಓವರ್‌ಫ್ಲೋ ಪೈಪಿಗೆ ಕಟ್ಟಿದ್ದ ಸೀಸೆಯಲ್ಲಿ ಬೆಳಿಗ್ಗೆ 40 ಎಂಎಲ್ ಪೆಟ್ರೋಲಿತ್ತು! ಇಷ್ಟು ದಿನ ಅದೆಲ್ಲ ಎಂಜಿನಿನ ಮೇಲೆ ಇಳಿದು ಆವಿಯಾಗಿ ಹೋಗುತ್ತಿತ್ತು ಎಂದು ತೋರುತ್ತದೆ.

ಟ್ಯಾಂಕಿನ ತಳದಿಂದ ಇಳಿಸಿದ್ದರಲ್ಲಿ ಪದರ ಕಾಣಲಿಲ್ಲ, ಒಂದೇ ಬಣ್ಣ. ಆದರೆ ತುಕ್ಕಿನ ಪುಡಿ ಮತ್ತು ಸಾಸಿವೆಯ ಸಿಪ್ಪೆಯಂತಹ ಕಪ್ಪು ಚೂರುಗಳು ಕೆಳಗೆ ಕುಳಿತಿದ್ದವು. ಕಾರ್ಬುರೇಟರಿನ ಬಟ್ಟಲಿನಿಂದ ಬಂದದ್ದರಲ್ಲಿ ಮಾತ್ರ ತಳದಲ್ಲಿ ಬಟಾಣಿಯಷ್ಟು ದೊಡ್ಡ, ಕಂದು ಬಣ್ಣದ ಬೇರೆ ಹನಿಯೊಂದು ಉರುಳಾಡುತ್ತಿತ್ತು. ಬಟ್ಟಲಿನ ಗೋಡೆಗೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಅಂಟಿತ್ತು. ಪೈಪಿನ ಕಥೆ ಕೇಳಬೇಡಿ: ಕಾಕಿನ ಕಡೆಯ ತುದಿ ಊದಿಕೊಂಡು ಕ್ಲಿಪ್ಪಿನ ಹಿಡಿತಕ್ಕೇ ಸಿಗುತ್ತಿರಲಿಲ್ಲ, ಉಗುರಿನಿಂದ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು, ಬಟ್ಟೆ ಕಪ್ಪಾಯಿತು. ಇನ್ನೊಂದು ತುದಿ ಗಟ್ಟಿಯಾಗಿ ಸೀಳು ಬಿಟ್ಟಿದೆ. ಒಂದೇ ಪೈಪು ಎರಡು ಬಗೆಯಲ್ಲಿ ಕೆಟ್ಟದ್ದು ಹೇಗೆ ಎಂಬುದು ನನಗೆ ತಿಳಿಯಲಿಲ್ಲ.

ಹಳೇ ಗ್ಯಾರೇಜು, ಶಿರಸಿ

ನಿಮ್ಮ ಅಳತೆಗಳು ಬಹಳ ಉಪಯೋಗಕ್ಕೆ ಬಂದವು. ಹತ್ತು ರಾತ್ರಿಗೆ 40 ಎಂಎಲ್‌ನಂತೆ 400 ಎಂಎಲ್ ನೆಲಕ್ಕೆ ಹೋಗಿದೆ. 5.1 ಲೀಟರಿನಲ್ಲಿ ಅದನ್ನು ಕಳೆದರೆ ಎಂಜಿನ್ ಕುಡಿದದ್ದು 4.7 ಲೀಟರ್, 280ನ್ನು ಅದರಿಂದ ಭಾಗಿಸಿದರೆ 59.6. ನಾನು ಅಂದಾಜಿಸಿದ 60ರ ಪಕ್ಕಕ್ಕೇ ಬಂತು. ಹಾಗಾಗಿ ಮೈಲೇಜಿನ ಇಳಿಕೆಯಲ್ಲಿ ಎಥನಾಲಿನ ನೇರ ಪಾಲು ಎರಡು ಕಿಲೋಮೀಟರಿನಷ್ಟು, ಮಿಕ್ಕದ್ದು ಸೋರಿಕೆ. ಆದರೆ ಆ ಸೋರಿಕೆಗೂ ಎಥನಾಲಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳಲಾರೆ.

ಬಟ್ಟಲಿನೊಳಗೆ ಪೆಟ್ರೋಲನ್ನು ತಡೆಯುವ ಫ್ಲೋಟ್ ಪಿನ್ನಿನ ತುದಿಗೆ ರಬ್ಬರ್ ಇರುತ್ತದೆ. ಅದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ, ಮೊನೆಯ ಸುತ್ತ ಉಂಗುರದಂತೆ ಗೀರು ಬಿದ್ದಿರುತ್ತದೆ ಎಂದು ನನ್ನ ಊಹೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಮುಳುಗಿದಾಗ ಹಳೆಯ ಕಾಲದ ನೈಟ್ರೈಲ್ ರಬ್ಬರ್ ಶುದ್ಧ ಪೆಟ್ರೋಲಿನಲ್ಲಿ ಊದುವುದಕ್ಕಿಂತ ಹೆಚ್ಚು ಊದುತ್ತದೆ, ಮೆತ್ತಗಾಗುತ್ತದೆ. ಅದೇ ಸಮಯದಲ್ಲಿ ರಬ್ಬರನ್ನು ಮೃದುವಾಗಿಡಲು ತಯಾರಿಸುವಾಗ ಸೇರಿಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಪೆಟ್ರೋಲಿಗೆ ಕರಗಿ ಹೊರಟುಹೋಗುತ್ತದೆ. ಒದ್ದೆಯಾಗಿರುವವರೆಗೆ ಊತ ಆ ಕೊರತೆಯನ್ನು ಮುಚ್ಚಿಟ್ಟಿರುತ್ತದೆ. ಒಣಗಿದ ಮೇಲೆ ರಬ್ಬರ್ ಮೊದಲಿಗಿಂತಲೂ ಕುಗ್ಗಿ, ಗಟ್ಟಿಯಾಗಿ, ಸೀಳುತ್ತದೆ. ನಿಮ್ಮ ಪೈಪಿನ ಎರಡು ತುದಿಗಳ ರಹಸ್ಯ ಇದೇ. ಮೂರು ತಿಂಗಳು ಕಾಕಿನ ಕಡೆಯ ತುದಿಯಲ್ಲಿ ಪೆಟ್ರೋಲು ತೊಟ್ಟಿಕ್ಕುತ್ತ ಇತ್ತು, ಕಾರ್ಬುರೇಟರಿನ ಕಡೆ ಆವಿಯಾಗಿ ಒಣಗಿತ್ತು.

ರಿಸರ್ವಿನಲ್ಲಿ ಬಂದ್ ಆಗುವುದಕ್ಕೆ ನಿಮ್ಮ ಮೆಕ್ಯಾನಿಕ್ ನೀರನ್ನು ಶಂಕಿಸಿದ್ದು ಅಸಂಬದ್ಧವಲ್ಲ. ಮೇನ್ ಕೊಳವೆ ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತಿರುತ್ತದೆ, ರಿಸರ್ವ್ ತಳದಿಂದ ಎಳೆಯುತ್ತದೆ, ನೀರಿದ್ದರೆ ಅಲ್ಲಿಯೇ ಇರುತ್ತದೆ. ನಿಮ್ಮಲ್ಲಿ ತಳದಲ್ಲಿದ್ದದ್ದು ತುಕ್ಕು ಮತ್ತು ಕಪ್ಪು ಚೂರು. ಕಪ್ಪು ಚೂರು ಟ್ಯಾಂಕಿನೊಳಗೆ ಬಂದದ್ದರಿಂದ ಮುಚ್ಚಳದ ಗ್ಯಾಸ್ಕೆಟ್ಟನ್ನೂ ನೋಡಿ; ಅದು ಹರಿಯುತ್ತಿದ್ದರೆ ಮುಂದಿನ ಮಳೆಗೆ ಮೆಕ್ಯಾನಿಕ್ ಹೇಳಿದ ಮಾತೇ ನಿಜವಾಗುತ್ತದೆ. ಬಟ್ಟಲಿನ ಬಟಾಣಿಯಷ್ಟು ಹನಿ ಮಾತ್ರ ನೀರು-ಎಥನಾಲಿನದು. ಬಟ್ಟಲಿಗೆ ಗಾಳಿಯ ದಾರಿ ಇರುತ್ತದೆ, ಅದರಲ್ಲಿ ಉಳಿದ ಸ್ವಲ್ಪ ಪೆಟ್ರೋಲು ಜುಲೈ ತಿಂಗಳ ಕರಾವಳಿಯ ಗಾಳಿಯಿಂದ ತೇವ ಹೀರಿಕೊಂಡಿದೆ. ಬಿಳಿಯ ಪುಡಿ, ಆ ತೇವ ಬಟ್ಟಲಿನ ಸತು ಮಿಶ್ರಲೋಹವನ್ನು ತಿಂದ ಗುರುತು. ಅದೇ ಪುಡಿ ಸ್ಲೋ ಜೆಟ್ಟಿನ ಕೂದಲೆಳೆಯಷ್ಟು ತೂತಿಗೆ ಕೂತಿರಬೇಕು, ಸ್ಲೋ ನಿಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಪೈಪು ಕೊಳ್ಳುವಾಗ ಅಂಗಡಿಯವರು ಕೊಡುವ ಬಣ್ಣಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ತರಬೇಡಿ, ಆರು ತಿಂಗಳಿಗೆ ಬಳಪದಂತೆ ಗಟ್ಟಿಯಾಗುತ್ತದೆ. ಸಿಲಿಕಾನ್ ಪೈಪು ನೋಡಲು ಚಂದ, ಪೆಟ್ರೋಲು ಅದರ ಗೋಡೆಯನ್ನೇ ದಾಟಿ ಹೊರಬರುತ್ತದೆ. ಮೈಮೇಲೆ ಎಸ್‌ಎಇ ಜೆ30ಆರ್9 ಎಂದು ಅಚ್ಚಾಗಿರುವ ಪೈಪನ್ನು ಕೇಳಿ, ಅದರ ಒಳಪದರ ಫ್ಲೋರಿನ್ ಇರುವ ರಬ್ಬರಿನದು, ಮೆಕ್ಯಾನಿಕರು ವೈಟಾನ್ ಎನ್ನುವ ಜಾತಿ. ಅದು ದಪ್ಪವಾಗಿರುವುದರಿಂದ ಸಣ್ಣ ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಹಳೆಯದಕ್ಕಿಂತ ಎರಡು ಬೆರಳು ಉದ್ದ ಬಿಟ್ಟು ಕತ್ತರಿಸಿ. ಫ್ಲೋಟ್ ಪಿನ್ ತರುವಾಗಲೂ ಇದೇ ರಬ್ಬರಿನ ತುದಿ ಕೇಳಿ. ಕಾಕಿನೊಳಗಿನ ನಾಲ್ಕು ತೂತಿನ ರಬ್ಬರ್ ವಾಷರನ್ನು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.

ಗಂಗಾವಳಿ, ಅಂಕೋಲಾ

ಇಷ್ಟೆಲ್ಲ ಏಕೆ? ನಾನು ಮೂವತ್ತು ವರ್ಷಗಳಿಂದ ಮೇ ಕೊನೆಗೆ ಟ್ಯಾಂಕು ಪೂರ್ತಿ ಖಾಲಿ ಮಾಡಿ ಗಾಡಿ ನಿಲ್ಲಿಸುತ್ತೇನೆ. ಪೆಟ್ರೋಲೇ ಇಲ್ಲದಿದ್ದರೆ ನೀರು ಹೀರುವುದಾದರೂ ಯಾವುದು? ಅಲ್ಲದೆ ಪೆಟ್ರೋಲಿಯಂ ಸಚಿವಾಲಯದವರೇ 2025ರ ಆಗಸ್ಟಿನಲ್ಲಿ ಹಳೆಯ ಗಾಡಿಗಳಿಗೆ ಏನೂ ಆಗುವುದಿಲ್ಲ ಎಂದಿದ್ದಾರೆ.

ಹಳೇ ಗ್ಯಾರೇಜು, ಶಿರಸಿ

ಅವರು ಏನೂ ಆಗುವುದಿಲ್ಲ ಎಂದಿಲ್ಲ, ರಾಯರೇ. ಕೆಲವು ಹಳೆಯ ವಾಹನಗಳಲ್ಲಿ ಇಪ್ಪತ್ತು-ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದು, ಅದಕ್ಕೆ ಖರ್ಚು ಹೆಚ್ಚಿಲ್ಲ ಎಂದಿದ್ದಾರೆ. ಖರ್ಚಿನ ಮಾತು ನಿಜವೇ. ಆದರೆ ಕಿಲೋಮೀಟರಿನ ಲೆಕ್ಕ ದಿನವೂ ಓಡುವ ಗಾಡಿಗೆ ಹೊಂದುತ್ತದೆ. ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೆ ನಿಲ್ಲಿಸುವ ಗಾಡಿಯ ರಬ್ಬರ್ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು.

ಟ್ಯಾಂಕು ಖಾಲಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಖಾಲಿ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿಯ ತೇವ ಹನಿಗಟ್ಟಿ ತುಕ್ಕು ಹಿಡಿಯುತ್ತದೆ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಕಾಕ್ ಮುಚ್ಚಿ, ಕಾರ್ಬುರೇಟರಿನ ಬಟ್ಟಲನ್ನು ಮಾತ್ರ ಖಾಲಿ ಮಾಡುವುದು ನನ್ನ ಪದ್ಧತಿ. ಮಿಶ್ರಣಕ್ಕೆ ತೇವವನ್ನು ಸ್ವಲ್ಪ ಮಟ್ಟಿಗೆ ತಾಳುವ ಶಕ್ತಿಯೂ ಇದೆ: ಹತ್ತು ಪ್ರತಿಶತದ ಪೆಟ್ರೋಲು ಲೀಟರಿಗೆ ಸುಮಾರು 5 ಎಂಎಲ್ ನೀರನ್ನು ಕರಗಿಸಿಟ್ಟುಕೊಳ್ಳುತ್ತದೆ, ಇಪ್ಪತ್ತರದ್ದು ಅದಕ್ಕಿಂತ ಹೆಚ್ಚು. ಮುಚ್ಚಳ ಸರಿಯಿದ್ದರೆ ಬರೀ ಗಾಳಿಯ ತೇವದಿಂದ ತುಂಬಿದ ಟ್ಯಾಂಕು ಮೂರು ತಿಂಗಳಲ್ಲಿ ಆ ಮಿತಿ ದಾಟಿದ್ದನ್ನು ನಾನು ಕಂಡಿಲ್ಲ.

ಗಂಗಾವಳಿ, ಅಂಕೋಲಾ

ಬಟ್ಟಲು ಖಾಲಿ ಮಾಡಿದರೆ ಒಳಗಿನ ಓ-ರಿಂಗು, ಪಿನ್ನಿನ ತುದಿ ಒಣಗುತ್ತವಲ್ಲ? ಒಣಗಿದರೆ ಕುಗ್ಗಿ ಸೀಳುತ್ತದೆ ಎಂದು ನೀವೇ ಮೇಲೆ ಬರೆದಿದ್ದೀರಿ.

ಹಳೇ ಗ್ಯಾರೇಜು, ಶಿರಸಿ

ಹಿಡಿದಿರಿ. ಹಳೆಯ ರಬ್ಬರ್ ಇದ್ದರೆ ನಿಮ್ಮ ಆಕ್ಷೇಪ ಸರಿಯೇ. ಸತುವನ್ನು ಉಳಿಸಲು ಹೋಗಿ ರಬ್ಬರ್ ಕಳೆದುಕೊಳ್ಳುತ್ತೇವೆ. ಎರಡರಲ್ಲಿ ಪಿನ್ ಅಗ್ಗ, ಕಾರ್ಬುರೇಟರ್ ದುಬಾರಿ ಎಂಬ ಕಾರಣಕ್ಕೆ ನಾನು ಖಾಲಿ ಮಾಡುತ್ತೇನೆ. ಹದಿನೈದು ದಿನಕ್ಕೊಮ್ಮೆ ಗಾಡಿಯನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸುವವರಿಗೆ ಈ ಜಗಳವೇ ಇಲ್ಲ.

ಅಘನಾಶಿನಿ ದಡ, ಕುಮಟಾ

ಪಿನ್ನಿನ ತುದಿಯಲ್ಲಿ ಉಂಗುರದ ಗೀರು ಇತ್ತು. ಪಿನ್, ಪೈಪು, ಕಾಕಿನ ವಾಷರ್, ಮುಚ್ಚಳದ ಗ್ಯಾಸ್ಕೆಟ್ ಬದಲಿಸಿ, ಸ್ಲೋ ಜೆಟ್ಟನ್ನು ಗಾಳಿ ಹೊಡೆಸಿ ಹಾಕಿದ ಮೇಲೆ ವಾಸನೆ ನಿಂತಿತು. ರಾತ್ರಿ ಕಟ್ಟಿದ ಸೀಸೆ ಒಣಗಿಯೇ ಇತ್ತು. 300 ಕಿಲೋಮೀಟರಿಗೆ 5.05 ಲೀಟರ್ ಹಿಡಿಯಿತು, ಅಂದರೆ 59ರ ಮೇಲೆ.

ಒಂದು ಮಾತ್ರ ಉಳಿದಿದೆ. ದೇವಿಮನೆ ಘಟ್ಟ ಹತ್ತುವಾಗ ಅರ್ಧ ಎಕ್ಸಲೇಟರಿನಲ್ಲಿ ಎಂಜಿನ್ ತಡೆದು ತಡೆದು ಎಳೆಯುತ್ತದೆ, ಸ್ವಲ್ಪ ಚೋಕ್ ಕೊಟ್ಟರೆ ಸಲೀಸಾಗುತ್ತದೆ. ಪ್ಲಗ್ಗಿನ ತುದಿ ಬೂದಿಯಂತೆ ಬಿಳಿಯಾಗಿದೆ.

ಕಾಳಿ ಸೇತುವೆ, ಕಾರವಾರ

ಪೆಟ್ರೋಲು ಸಾಲದೆ ಬರುತ್ತಿದೆ. ಕಾರ್ಬುರೇಟರಿನ ಪಕ್ಕದ ಸ್ಕ್ರೂವನ್ನು ಅರ್ಧ ಸುತ್ತು ಹೊರಗೆ ತಿರುಗಿಸಿ, ಸರಿಯಾಗುತ್ತದೆ.

ಅರಬೈಲ್ ಘಟ್ಟ, ಯಲ್ಲಾಪುರ

ಪೆಟ್ರೋಲು ಸಾಲದೆ ಬರುತ್ತಿದೆ ಎಂಬುದು ಸರಿ. ಸುಡಲು ಪೆಟ್ರೋಲಿಗೆ ಬೇಕಾದಷ್ಟು ಗಾಳಿ ಎಥನಾಲಿಗೆ ಬೇಡ, ಆದ್ದರಿಂದ ಅದೇ ಜೆಟ್ಟಿನಲ್ಲಿ ಇ20 ಹೋದರೆ ಗಾಳಿಯ ಪಾಲು ಹೆಚ್ಚಾದಂತೆ. ಇಂಜೆಕ್ಷನ್ ಗಾಡಿಗಳ ಸೆನ್ಸರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಆದರೆ ಸ್ಕ್ರೂವಿನ ಸಲಹೆ ಅಪಾಯದ್ದು. ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಇನ್ನೂ ಇಳಿಯುತ್ತದೆ. ಎಂಜಿನಿನ ಕಡೆಗಿದ್ದರೆ ಮಾತ್ರ ಹೊರಗೆ ತಿರುಗಿಸಿದಾಗ ಪೆಟ್ರೋಲು ಹೆಚ್ಚುತ್ತದೆ. ಅಲ್ಲದೆ ಆ ಸ್ಕ್ರೂ ಸ್ಲೋಗೆ ಸಂಬಂಧಿಸಿದ್ದು, ಅರ್ಧ ಎಕ್ಸಲೇಟರಿನ ತೊಂದರೆ ಅದರಿಂದ ಹೋಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಒಳಗಿನ ಸೂಜಿ. ಅದಕ್ಕೆ ಗೀರುಗಳಿದ್ದರೆ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ, ಸೂಜಿ ಅಷ್ಟು ಮೇಲೇಳುತ್ತದೆ. ಒಂದೇ ಗೀರಿನ ಸೂಜಿಯಾದರೆ ಮೇನ್ ಜೆಟ್ಟನ್ನು ಒಂದು ಸಂಖ್ಯೆ ಏರಿಸಿ ನೋಡಬಹುದು.

ಹಳೇ ಗ್ಯಾರೇಜು, ಶಿರಸಿ

ಸೂಜಿಯ ಮಾತಿಗೆ ನನ್ನ ಒಪ್ಪಿಗೆಯಿದೆ, ಜೆಟ್ ಏರಿಸುವುದಕ್ಕೆ ಇಲ್ಲ. ಹತ್ತಕ್ಕೂ ಇಪ್ಪತ್ತಕ್ಕೂ ಗಾಳಿಯ ಲೆಕ್ಕದಲ್ಲಿ ವ್ಯತ್ಯಾಸ ನಾಲ್ಕು ಪ್ರತಿಶತದಷ್ಟೇ. ಅಷ್ಟಕ್ಕೇ ಸರಿಯಿದ್ದ ಎಂಜಿನ್ ಘಟ್ಟದಲ್ಲಿ ತಡವರಿಸುವುದಿಲ್ಲ. ಏರ್ ಫಿಲ್ಟರಿಗೂ ಎಂಜಿನಿಗೂ ನಡುವೆ ಕಾರ್ಬುರೇಟರನ್ನು ಹಿಡಿದಿರುವ ರಬ್ಬರ್ ಜೋಡಣೆಯನ್ನು ನೋಡಿದಿರಾ? ಎಂಜಿನಿನ ಕಡೆಯದು ಸೀಳಿದ್ದರೆ ಅಲ್ಲಿಂದಲೇ ಗಾಳಿ ನುಗ್ಗುತ್ತದೆ. ಸ್ಲೋದಲ್ಲಿ ಬಿಟ್ಟು, ಅದರ ಸುತ್ತ ಸ್ವಲ್ಪ ಸಾಬೂನಿನ ನೀರು ಹಚ್ಚಿ, ಎಂಜಿನಿನ ಸದ್ದು ಬದಲಾಗುತ್ತದೆಯೇ ಕೇಳಿ.

ಅರಬೈಲ್ ಘಟ್ಟ, ಯಲ್ಲಾಪುರ

ನನ್ನದೇ ಗಾಡಿಯಲ್ಲಿ ಜೋಡಣೆ ಹೊಸದಿದ್ದರೂ ಇ20 ಬಂದ ಮೇಲೆ ಅರಬೈಲಿನಲ್ಲಿ ಹೀಗೇ ಆಗಿತ್ತು, ಜೆಟ್ ಏರಿಸಿದ ಮೇಲೆಯೇ ಹೋದದ್ದು. ಮೈಲೇಜು ಇನ್ನೊಂದು ಕಿಲೋಮೀಟರ್ ಇಳಿಯಿತು, ಅದು ಬೇರೆ ಮಾತು.

ಅಘನಾಶಿನಿ ದಡ, ಕುಮಟಾ

ಸಾಬೂನಿನ ನೀರು ಹಚ್ಚಿದೆ. ಸದ್ದು ಬದಲಾಯಿತೋ ಇಲ್ಲವೋ ಎಂಬುದರಲ್ಲಿ ನನಗೂ ತಂದೆಯವರಿಗೂ ಒಮ್ಮತವಿಲ್ಲ. ನನ್ನ ಸೂಜಿಯಲ್ಲಿ ಒಂದೇ ಗೀರು ಇದೆ. ಆದಿತ್ಯವಾರ ರಬ್ಬರ್ ಜೋಡಣೆಯೊಂದನ್ನೇ ಬದಲಿಸಿ, ಜೆಟ್ಟನ್ನು ಮುಟ್ಟದೆ, ದೇವಿಮನೆಯ ಅದೇ ತಿರುವಿನವರೆಗೆ ಹತ್ತಿ ನಿಲ್ಲಿಸಿ ಪ್ಲಗ್ ತೆಗೆದು ನೋಡಿ ತಿಳಿಸುತ್ತೇನೆ.